ಬಿಡಿಸದೆಯೇ ಅನುಕಲದ ಬೆಲೆಗೆ ಬೇಲಿ ಹಾಕುವುದು ಹೇಗೆ?

ಪ್ರಶ್ನೆ: e^(−x²) ಅನ್ನು 0ರಿಂದ 1ರವರೆಗೆ ಅನುಕಲಿಸಿದರೆ ಬರುವ ಬೆಲೆ 1 − 1/e ಗಿಂತ ಹೆಚ್ಚು ಎಂದು ತೋರಿಸಲು ಪುಸ್ತಕದಲ್ಲಿ ಕೇಳಿದ್ದಾರೆ. ಉತ್ತರದಲ್ಲಿ ಇದನ್ನು e^(−x) ಜೊತೆ ಹೋಲಿಸಿ ಎರಡು ಸಾಲಿನಲ್ಲಿ ಮುಗಿಸಿದ್ದಾರೆ. ಆ ಎರಡು ಸಾಲು ಅರ್ಥವಾಗುತ್ತವೆ. ಆದರೆ ಹೋಲಿಸಬೇಕಾದ ಫಲನ ಅದೇ ಎಂದು ನನಗೆ ಹೇಗೆ ಹೊಳೆಯಬೇಕು?

ಈ ಅನುಕಲವನ್ನು I ಎಂದು ಕರೆಯೋಣ. ಇದನ್ನು ನೇರವಾಗಿ ಬಿಡಿಸಲು ನಿಮಗೆ ಬಾರದಿದ್ದರೆ ತಪ್ಪು ನಿಮ್ಮದಲ್ಲ. ಯಾವ ಫಲನವನ್ನು ಅವಕಲಿಸಿದರೆ e^(−x²) ಸಿಗುತ್ತದೆಯೋ ಅದನ್ನು ಘಾತ, ಲಾಗರಿದಮ್, ಸೈನ್ ಮುಂತಾದ ಪರಿಚಿತ ಫಲನಗಳಿಂದ ಕಟ್ಟಲು ಸಾಧ್ಯವೇ ಇಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನ ಜೋಸೆಫ್ ಲಿಯೂವಿಲ್ ಕಟ್ಟಿದ ಸಿದ್ಧಾಂತದಿಂದ ಇದು ಸಾಬೀತಾಗುತ್ತದೆ. ಆದ್ದರಿಂದ ಇಲ್ಲಿ ಹೋಲಿಕೆಯೇ ನಿಜವಾದ ದಾರಿ.

ಆಧಾರ ಒಂದೇ ಮಾತು. ಒಂದು ಅಂತರಾಳದ ಪ್ರತಿಯೊಂದು ಬಿಂದುವಿನಲ್ಲೂ f(x) ≤ g(x) ಆಗಿದ್ದರೆ, f ನ ಅನುಕಲ g ಯ ಅನುಕಲವನ್ನು ಮೀರುವುದಿಲ್ಲ. ಎರಡೂ ನಿರಂತರವಾಗಿದ್ದು ಒಂದು ಬಿಂದುವಿನಲ್ಲಾದರೂ ಬೇರೆಯಾಗಿದ್ದರೆ ಅದು ಖಚಿತವಾಗಿ ಕಡಿಮೆ. ಹಾಗಾಗಿ ನಾವು ಹುಡುಕುವ ಫಲನಕ್ಕೆ ಎರಡು ಗುಣ ಬೇಕು: ಅಂತರಾಳದುದ್ದಕ್ಕೂ ಅದು ಒಂದೇ ಪಕ್ಕದಲ್ಲಿರಬೇಕು, ಮತ್ತು ಅದನ್ನು ಅನುಕಲಿಸಲು ನಮಗೆ ಬರಬೇಕು. ನೀವು ಕೇಳಿದ "ಹೊಳೆಯುವುದು" ಬಹುಪಾಲು ಈ ಎರಡನೆಯ ಗುಣದಿಂದಲೇ ಹುಟ್ಟುತ್ತದೆ.

e^(−x²) ನಲ್ಲಿ ತೊಡಕು ಎಲ್ಲಿದೆ ಎಂದು ನೋಡಿ. ಘಾತಾಂಕದಲ್ಲಿ x² ಕುಳಿತಿರುವುದೇ ತೊಡಕು. ಅಲ್ಲಿ ಬರಿಯ x ಇದ್ದಿದ್ದರೆ ಕ್ಷಣದಲ್ಲಿ ಬಿಡಿಸುತ್ತಿದ್ದೆವು. ಹಾಗಾದರೆ x² ಇದ್ದ ಕಡೆ x ಇಟ್ಟರೆ ಏನಾಗುತ್ತದೆ ಎಂದು ಕೇಳಿಕೊಳ್ಳುವುದು ಸಹಜ. 0 ಮತ್ತು 1ರ ನಡುವಿನ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಅದು ಚಿಕ್ಕದಾಗುತ್ತದೆ, ಅಂದರೆ x² ≤ x. ಋಣ ಚಿಹ್ನೆ ಸೇರಿಸಿದಾಗ ದಿಕ್ಕು ತಿರುಗಿ −x² ≥ −x ಆಗುತ್ತದೆ. e ಯ ಘಾತ ಸದಾ ಏರುವ ಫಲನವಾದ್ದರಿಂದ e^(−x²) ≥ e^(−x). ಬಲಬದಿಯ ಅನುಕಲ 1 − 1/e, ಸುಮಾರು 0.632. ನಿಮ್ಮ ಪುಸ್ತಕದ ಎರಡು ಸಾಲು ಇಷ್ಟೇ. ಹೆಚ್ಚಿನವರು ಎಡವುವುದು ಋಣ ಚಿಹ್ನೆಯ ಆ ಒಂದು ಹೆಜ್ಜೆಯಲ್ಲಿ.

ಇಲ್ಲಿ ತುದಿಗಳನ್ನು ಮಾತ್ರ ಪರೀಕ್ಷಿಸಿ ನಿರ್ಧರಿಸುವ ಅಭ್ಯಾಸವೂ ಕೈಕೊಡುತ್ತದೆ. x = 0 ಮತ್ತು x = 1 ಎರಡರಲ್ಲೂ ಈ ಎರಡು ಫಲನಗಳ ಬೆಲೆ ಒಂದೇ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ತುದಿಗಳು ಹೇಳುವುದೇ ಇಲ್ಲ. ಮೇಲಿನಂತೆ ಸರಪಣಿಯಾಗಿ ಬರುವ ಅಸಮತೆಯೇ ಹೇಳಬೇಕು.

ಪುಸ್ತಕ ಇಲ್ಲಿಗೆ ನಿಲ್ಲಿಸಿತು, ಆದರೆ ನಾವು ನಿಲ್ಲಿಸಬೇಕಾಗಿಲ್ಲ. ನನಗೆ ಬಹಳ ಇಷ್ಟವಾದ ಅಸಮತೆಯೊಂದಿದೆ: ಎಲ್ಲ t ಗೂ e^t ≥ 1 + t. y = e^t ರೇಖೆ ಎಲ್ಲೆಡೆ ಮೇಲಕ್ಕೆ ಬಾಗಿರುವುದರಿಂದ, t = 0 ನಲ್ಲಿ ಎಳೆದ ಸ್ಪರ್ಶಕಕ್ಕಿಂತ ಅದು ಎಂದೂ ಕೆಳಗಿಳಿಯುವುದಿಲ್ಲ. ಆ ಸ್ಪರ್ಶಕವೇ 1 + t. ಈಗ t ಬದಲು −x² ಇಡಿ. e^(−x²) ≥ 1 − x² ಎಂದು ಸಿಗುತ್ತದೆ, ಅನುಕಲಿಸಿದರೆ I > 2/3. ಇದು 0.667, ಪುಸ್ತಕದ 0.632 ಗಿಂತ ಉತ್ತಮ. ಇನ್ನು t ಬದಲು +x² ಇಡಿ. e^(x²) ≥ 1 + x² ಆಗುತ್ತದೆ. ಎರಡೂ ಬದಿ ಧನವಾದ್ದರಿಂದ ವ್ಯುತ್ಕ್ರಮ ತೆಗೆದಾಗ ದಿಕ್ಕು ತಿರುಗಿ e^(−x²) ≤ 1/(1 + x²). ಬಲಬದಿಯನ್ನು ಅನುಕಲಿಸಿದರೆ tan⁻¹ x, 0ರಿಂದ 1ರವರೆಗೆ π/4. ಅಂದರೆ I < 0.786. ಒಂದೇ ಅಸಮತೆ ಕೆಳಗಿನ ಬೇಲಿಯನ್ನೂ ಮೇಲಿನ ಬೇಲಿಯನ್ನೂ ಕೊಟ್ಟಿತು.

ಕೆಳಗಿನ ಬೇಲಿಯನ್ನು ಇನ್ನಷ್ಟು ಮೇಲೆತ್ತಬಹುದು, ಅದಕ್ಕೆ ಹೊಸ ಫಲನವೂ ಬೇಕಿಲ್ಲ. e^(−x) ಎರಡೂ ತುದಿಗಳಲ್ಲಿ ನಮ್ಮ ರೇಖೆಯನ್ನು ಮುಟ್ಟುತ್ತದೆ, ಆದರೆ ನಡುವೆ ಜೋತುಬೀಳುತ್ತದೆ. x = 0.5 ರಲ್ಲಿ ನಮ್ಮ ಫಲನ 0.779 ಇದ್ದರೆ e^(−x) ಬರೀ 0.607. 1 − x² ಎಡಭಾಗದಲ್ಲಿ ಅಂಟಿಕೊಂಡೇ ಸಾಗಿ, ಅದೇ 0.5 ರಲ್ಲಿ 0.75 ಇರುತ್ತದೆ, ಆದರೆ x = 1 ರಲ್ಲಿ ಸೊನ್ನೆಗೆ ಕುಸಿಯುತ್ತದೆ. ಒಂದರ ಬಲ ಇನ್ನೊಂದರ ದೌರ್ಬಲ್ಯವಾಗಿರುವಾಗ ಅಂತರಾಳವನ್ನೇ ಕತ್ತರಿಸಿ ಎರಡನ್ನೂ ಬಳಸಬೇಕು. ಇವೆರಡೂ ಒಂದನ್ನೊಂದು ದಾಟುವುದು 0.7 ರ ಹತ್ತಿರ. 0ರಿಂದ 0.7 ರವರೆಗೆ 1 − x² ಅನ್ನು ಅನುಕಲಿಸಿದರೆ 0.7 − 0.343/3, ಅಂದರೆ 0.5856 ಕ್ಕಿಂತ ತುಸು ಹೆಚ್ಚು. 0.7 ರಿಂದ 1ರವರೆಗೆ e^(−x) ಅನ್ನು ಅನುಕಲಿಸಿದರೆ e^(−0.7) − e^(−1), ಅಂದರೆ 0.1287 ಕ್ಕಿಂತ ತುಸು ಹೆಚ್ಚು. ಕೂಡಿದರೆ I > 0.714. ಕತ್ತರಿಸುವ ಬಿಂದು ಕರಾರುವಾಕ್ಕಾಗಿರಬೇಕಿಲ್ಲ ಎಂಬುದನ್ನು ಗಮನಿಸಿ. ಎರಡೂ ಅಸಮತೆಗಳು ಇಡೀ ಅಂತರಾಳದಲ್ಲಿ ಸತ್ಯವಾದ್ದರಿಂದ ಎಲ್ಲಿ ಕತ್ತರಿಸಿದರೂ ಬೇಲಿ ಸರಿಯೇ, ಅದರ ಬಿಗಿ ಮಾತ್ರ ಬದಲಾಗುತ್ತದೆ.

ಈಗ I ಯ ಬೆಲೆ 0.714 ಮತ್ತು 0.786 ರ ನಡುವೆ ಸಿಕ್ಕಿಬಿದ್ದಿದೆ. ನಡುವಿನ 0.75 ಅನ್ನು ಅಂದಾಜಾಗಿ ತೆಗೆದುಕೊಂಡರೆ ತಪ್ಪು 0.036 ಅನ್ನು ಮೀರುವುದಿಲ್ಲ ಎಂದು ಖಾತರಿಯಾಗಿ ಹೇಳಬಹುದು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರೆ ಬರುವ ಬೆಲೆ 0.7468.

ಅಂತರಾಳ ಬದಲಾದಾಗ ಏನಾಗುತ್ತದೆ ಎಂಬುದನ್ನು ಹೇಳದಿದ್ದರೆ ಉತ್ತರ ಅಪೂರ್ಣ, ಏಕೆಂದರೆ ಮುಂದಿನ ಪ್ರಶ್ನೆ ಬರುವುದೇ ಅಲ್ಲಿ. ಇದೇ ಅನುಕಲವನ್ನು 0ರಿಂದ 2ರವರೆಗೆ ಕೇಳಿದಾಗ ವಿದ್ಯಾರ್ಥಿಗಳು ಮತ್ತೆ e^(−x) ಅನ್ನೇ ಕೆಳಗಿಟ್ಟು, ಬೆಲೆ 1 − e^(−2) ಗಿಂತ, ಅಂದರೆ 0.865 ಕ್ಕಿಂತ ಹೆಚ್ಚು ಎಂದು ಬರೆಯುತ್ತಾರೆ. ನಿಜವಾದ ಬೆಲೆ ಸುಮಾರು 0.882, ಹಾಗಾಗಿ ಉತ್ತರ ಸರಿಯಾಗಿಯೇ ಕಾಣುತ್ತದೆ. ಆದರೆ ವಾದ ತಪ್ಪು. 1ನ್ನು ದಾಟಿದ ಮೇಲೆ x² ಎಂಬುದು x ಗಿಂತ ದೊಡ್ಡದು, ಆದ್ದರಿಂದ ಅಸಮತೆ ತಿರುವುಮುರುವಾಗುತ್ತದೆ. ಅದೇ ವಾದವನ್ನು 3ರವರೆಗೆ ಎಳೆದು ನೋಡಿ: ಬೆಲೆ 0.950 ಕ್ಕಿಂತ ಹೆಚ್ಚಿರಬೇಕು ಎನ್ನುತ್ತದೆ, ನಿಜವಾದ ಬೆಲೆ 0.886. ಒಮ್ಮೆ ಅದೃಷ್ಟದಿಂದ ದಕ್ಕಿದ್ದು ಮುಂದಿನ ಹೆಜ್ಜೆಯಲ್ಲೇ ಸುಳ್ಳಾಯಿತು.

1ರಿಂದ ಆಚೆಯ ಭಾಗಕ್ಕೆ e^(−x) ಈಗ ಮೇಲಿನ ಬೇಲಿಯಾಗುತ್ತದೆ. 3ರವರೆಗೆ ಅದು ಕೊಡುವುದು e^(−1) − e^(−3), ಸುಮಾರು 0.318. ಇದಕ್ಕಿಂತ ಬಿಗಿಯಾದದ್ದು ಬೇಕಿದ್ದರೆ ಮತ್ತೆ ಅದೇ ಪ್ರಶ್ನೆ ಕೇಳಿ: ಏನಿದ್ದಿದ್ದರೆ ಬಿಡಿಸಲು ಬರುತ್ತಿತ್ತು? ಮುಂದೆ ಒಂದು x ಗುಣಕವಾಗಿ ಇದ್ದಿದ್ದರೆ u = x² ಎಂಬ ಆದೇಶದಿಂದ ಕೆಲಸ ಮುಗಿಯುತ್ತಿತ್ತು. ಇಲ್ಲಿ x ≥ 1 ಆದ್ದರಿಂದ ಆ x ಅನ್ನು ನಾವೇ ಸೇರಿಸಿಕೊಳ್ಳಬಹುದು, ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ: e^(−x²) ≤ x·e^(−x²). ಬಲಬದಿಯನ್ನು 1ರಿಂದ 3ರವರೆಗೆ ಅನುಕಲಿಸಿದರೆ (e^(−1) − e^(−9))/2, ಅಂದರೆ 0.184 ಕ್ಕಿಂತ ಕಡಿಮೆ. ಮೊದಲ ಭಾಗದ 0.786 ಸೇರಿಸಿದರೆ 0ರಿಂದ 3ರವರೆಗಿನ ಇಡೀ ಅನುಕಲ 0.97 ಕ್ಕಿಂತ ಕಡಿಮೆ. ಮೇಲಿನ ಮಿತಿ 3ರ ಬದಲು ಎಷ್ಟೇ ದೊಡ್ಡದಾಗಿದ್ದರೂ ಇದೇ 0.97 ಸಾಕಾಗುತ್ತದೆ.