ಈಸ್ಟ್, ಬೂಷ್ಟು, ಬ್ಯಾಕ್ಟೀರಿಯಾ: ಒಂದು ತಪ್ಪು ಸ್ಲೈಡಿನಿಂದ ಕಲಿತದ್ದು

ರಾಯಚೂರಿನಲ್ಲಿ ಬಿ.ಎಸ್ಸಿ. ಓದುವಾಗ ನನ್ನ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಒಂದು ಕಡೆ ಹೀಗೆ ಬರೆದಿದ್ದೆ: 'ಗ್ರಾಂ ಪಾಸಿಟಿವ್, ದುಂಡು ಬ್ಯಾಕ್ಟೀರಿಯಾ, ಅಲ್ಲಲ್ಲಿ ಜೋಡಿ.' ಮೇಡಂ ಅದರ ಮೇಲೆ ಕೆಂಪು ಗೀಟು ಎಳೆದರು. "ಇದು ಬೇಕರಿ ಈಸ್ಟ್ ಐತವ್ವಾ, ಇನ್ನೊಮ್ಮೆ ನೋಡು" ಅಂದರು. ಸ್ಲೈಡ್ ಹಾಗೇ ಇತ್ತು. ನೋಡುವ ರೀತಿ ಬದಲಾಗಬೇಕಿತ್ತು, ಅಷ್ಟೇ.

ತಪ್ಪಿಗೆ ಕಾರಣ ಬಣ್ಣ. ಈಸ್ಟಿನ ಕೋಶಭಿತ್ತಿ ದಪ್ಪ. ಹಾಗಾಗಿ ಗ್ರಾಂ ವಿಧಾನದಲ್ಲಿ ನೇರಳೆ ಬಣ್ಣವನ್ನು ಅದೂ ಹಿಡಿದುಕೊಳ್ಳುತ್ತದೆ. ನೇರಳೆ ಕಂಡ ಕೂಡಲೇ ಬ್ಯಾಕ್ಟೀರಿಯಾ ಅಂದುಕೊಂಡೆ. ಆದರೆ ಒಳಗಿನ ವಸ್ತು ಬೇರೆ. ಬ್ಯಾಕ್ಟೀರಿಯಾದ ಭಿತ್ತಿ ಪೆಪ್ಟಿಡೋಗ್ಲೈಕಾನ್‌ನದು. ಈಸ್ಟಿನದು ಗ್ಲೂಕನ್, ಮ್ಯಾನನ್ ಸೇರಿದ ಪ್ರೋಟೀನು, ಜೊತೆಗೆ ಸ್ವಲ್ಪ ಕೈಟಿನ್. ಬಣ್ಣ ನಿಂತಿತು ಅನ್ನುವುದಷ್ಟೇ ಗ್ರಾಂ ವಿಧಾನ ಹೇಳುತ್ತದೆ. ಆ ಭಿತ್ತಿ ಯಾರದು ಅಂತ ಅದು ಹೇಳುವುದಿಲ್ಲ.

ಹಾಗಾದರೆ ಗುರುತು ಹೇಗೆ? ಮೊದಲು ಗಾತ್ರ. ಒಂದು ಸುಲಭ ಉಪಾಯ: ಅದೇ ಸ್ಲೈಡಿನ ಇನ್ನೊಂದು ತುದಿಗೆ ಮೊಸರಿನ ನೀರು ತೆಳುವಾಗಿ ಸವರಿ, ಎರಡಕ್ಕೂ ಒಟ್ಟಿಗೇ ಬಣ್ಣ ಹಾಕಿ. ಮೊಸರಿನ ದುಂಡು ಬ್ಯಾಕ್ಟೀರಿಯಾ ಸುಮಾರು 1 ಮೈಕ್ರಾನ್. ಈಸ್ಟ್ ಕೋಶ ಸಾಮಾನ್ಯವಾಗಿ 5 ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡದು. ಅಡ್ಡಳತೆ ಐದು ಪಟ್ಟು ಅಂದರೆ ಗಾತ್ರ 125 ಪಟ್ಟು! ಪಕ್ಕಪಕ್ಕ ನೋಡಿದರೆ ಸಾಸಿವೆ ಮತ್ತು ನೆಲ್ಲಿಕಾಯಿ ಇಟ್ಟ ಹಾಗೆ. ಎಣ್ಣೆ ಲೆನ್ಸ್ ಬೇಕೇ ಬೇಕು ಅಂತಿಲ್ಲ. 40ರ ಲೆನ್ಸಿನಲ್ಲೇ ಈಸ್ಟಿನ ಆಕಾರ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ಗುರುತು ನಾನು 'ಜೋಡಿ' ಅಂತ ಬರೆದ ಕಡೆಯೇ ಇತ್ತು. ಆ ಜೋಡಿಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಬ್ಯಾಕ್ಟೀರಿಯಾ ಸೀಳಿ ಎರಡಾದರೆ ಎರಡೂ ಹೆಚ್ಚುಕಮ್ಮಿ ಸಮ. ಈಸ್ಟಿನಲ್ಲಿ ಹಾಗಲ್ಲ. ತಾಯಿ ಕೋಶದ ಒಂದು ಕಡೆ ಮೊಗ್ಗು ಮೂಡುತ್ತದೆ. ಅದು ಬೆಳೆಯುತ್ತಿರುವಾಗಲೇ ತಾಯಿಯ ಕೋಶಕೇಂದ್ರ ವಿಭಜನೆಗೆ ಶುರು ಮಾಡಿ, ಒಂದು ಪಾಲನ್ನು ಆ ಸಣ್ಣ ಕತ್ತಿನ ಮೂಲಕ ಮೊಗ್ಗಿಗೆ ಕಳಿಸುತ್ತದೆ. ಆಮೇಲೆ ನಡುವೆ ಗೋಡೆ ಬಿದ್ದು, ಮಗಳು ಬೇರೆಯಾಗುತ್ತಾಳೆ. ತಾಯಿಯ ಮೈಮೇಲೆ ಕೈಟಿನ್‌ನ ಉಂಗುರದಂಥ ಗಾಯದ ಗುರುತು ಉಳಿಯುತ್ತದೆ. ಇದು ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಕೈಟಿನ್‌ಗೆ ಅಂಟಿ ಹೊಳೆಯುವ ಬಣ್ಣ ಬೇಕು. ಆ ಗುರುತುಗಳನ್ನು ಎಣಿಸಿದರೆ ಈ ತಾಯಿ ಎಷ್ಟು ಸಲ ಹೆತ್ತಿದ್ದಾಳೆ ಅಂತ ತಿಳಿಯುತ್ತದೆ. ಬ್ರೆಡ್ಡಿನ ಈಸ್ಟ್, ಅಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೆ, ಸುಮಾರು ಇಪ್ಪತ್ತೈದು ಸಲ ಮೊಗ್ಗು ಕೊಟ್ಟು ನಿಲ್ಲುತ್ತದೆ.

ಈಸ್ಟ್ ಅಂದರೆ ಮೊಗ್ಗು ಅಂತ ಪೂರ್ತಿ ಗಟ್ಟಿ ಮಾಡಿಕೊಳ್ಳಬೇಡಿ. ಷೈಜೋಸ್ಯಾಕರೋಮೈಸಿಸ್ ಪೋಂಬೆ ಅನ್ನುವ ಈಸ್ಟ್ ನಡುವೆ ಅಡ್ಡಗೋಡೆ ಕಟ್ಟಿ ಎರಡಾಗುತ್ತದೆ, ನೋಡಲು ಬ್ಯಾಕ್ಟೀರಿಯಾ ಹಾಗೇ. ಪೋಂಬೆ ಅಂದರೆ ಸ್ವಾಹಿಲಿ ಭಾಷೆಯಲ್ಲಿ ಬಿಯರ್. ಆಫ್ರಿಕಾದ ಬಿಯರಿನಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ಆದರೆ ಅದರೊಳಗೂ ಕೋಶಕೇಂದ್ರ ಇದೆ, ಅದೂ ಮೈಟೋಸಿಸ್‌ನಿಂದಲೇ ಹಂಚಿಕೆಯಾಗುತ್ತದೆ. ಬ್ಯಾಕ್ಟೀರಿಯಾದಲ್ಲಿ ಕೋಶಕೇಂದ್ರವೂ ಇಲ್ಲ, ಮೈಟೋಸಿಸ್ಸೂ ಇಲ್ಲ.

ಆ ಒಳಗಿನ ವ್ಯವಸ್ಥೆಗೆ ಸಮಯ ಬೇಕು. ಎಲ್ಲ ಅನುಕೂಲ ಇದ್ದಾಗ ಇ. ಕೋಲಿ 20 ನಿಮಿಷಕ್ಕೆ ದ್ವಿಗುಣವಾಗುತ್ತದೆ, ಈಸ್ಟ್ ಸುಮಾರು 90 ನಿಮಿಷಕ್ಕೆ. ಒಂದೊಂದೇ ಕೋಶದಿಂದ ಶುರು ಮಾಡಿ, ಮೂರು ಗಂಟೆ ಬಿಡಿ. ಇ. ಕೋಲಿ ಒಂಬತ್ತು ಸಲ ದ್ವಿಗುಣವಾಗಿ 512. ಈಸ್ಟ್ ಎರಡು ಸಲ, ಬರೀ 4. ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಮಾರನೇ ದಿನವೇ ಕಾಣಿಸಿ, ಈಸ್ಟಿಗೆ ಎರಡು ದಿನ ಕಾಯುವುದು ಇದಕ್ಕೇ.

ಈಗ ಬೂಷ್ಟು. ಬೇಸಿಗೆಯಲ್ಲಿ ನಮ್ಮ ಕಡೆ ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ, ಅದರಲ್ಲಿ ನೀರೇ ಇಲ್ಲ. ಮೆತ್ತನೆ ಜೋಳದ ರೊಟ್ಟಿಯನ್ನು ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಎರಡು ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಇದು ಒಂಟಿ ಕೋಶ ಅಲ್ಲ, ಉದ್ದನೆ ಎಳೆಗಳ ಬಲೆ. ಎಳೆ ತುದಿಯಲ್ಲಿ ಮಾತ್ರ ಬೆಳೆಯುತ್ತದೆ, ಹಿಂದೆ ಕವಲೊಡೆಯುತ್ತದೆ. ಮೇಲೆ ಕಾಣುವ ಹಸಿರು ಕಪ್ಪು ಪುಡಿ ಬೀಜಾಣು, ಎಳೆಗಳು ರೊಟ್ಟಿಯ ಒಳಗೂ ಇರುತ್ತವೆ. ಮೇಲಿನದನ್ನು ಕೆರೆದು ತಿನ್ನಬಾರದು ಅನ್ನುವುದು ಅದಕ್ಕೆ.

ಸ್ಲೈಡ್ ಮಾಡಲು ಪಾರದರ್ಶಕ ಅಂಟು ಟೇಪು ಸಾಕು. ಲ್ಯಾಕ್ಟೋಫಿನಾಲ್ ಕಾಟನ್ ಬ್ಲೂ ಒಂದು ಹನಿ ಹಾಕಿ, ಬೂಷ್ಟಿಗೆ ಮೆಲ್ಲಗೆ ಒತ್ತಿದ ಟೇಪನ್ನು ಅದರ ಮೇಲೆ ಮಲಗಿಸಿ. ನಾನು ಮೊದಲ ಸಲ ನಟ್ಟನಡುವೆ ಒತ್ತಿದ್ದೆ. ಬೀಜಾಣುಗಳ ರಾಶಿ ಬಿಟ್ಟು ಬೇರೇನೂ ಕಾಣಲಿಲ್ಲ. ಅಂಚಿನಲ್ಲಿ ಒತ್ತಬೇಕು. ಅಲ್ಲಿ ಎಳೆಯ ವಯಸ್ಸಿನ ರಚನೆಗಳು ಮುರಿಯದೆ ಬರುತ್ತವೆ. ಎಳೆಯಲ್ಲಿ ಅಡ್ಡಗೋಡೆ ಇದ್ದು, ಕಾಂಡದ ತುದಿಯ ಉಬ್ಬಿದ ಗುಂಡಿನಿಂದ ಬೀಜಾಣು ಸರಗಳು ಹೊರಟಿದ್ದರೆ ಆಸ್ಪರ್ಜಿಲ್ಲಸ್. ಅಡ್ಡಗೋಡೆ ಹೆಚ್ಚಾಗಿ ಕಾಣದೆ, ಬೀಜಾಣು ಒಂದು ಚೀಲದೊಳಗೆ ತುಂಬಿದ್ದರೆ ರೈಜೋಪಸ್. ಕಿಟಕಿ ತೆರೆದಿದ್ದರೆ, ಫ್ಯಾನ್ ಓಡುತ್ತಿದ್ದರೆ ಇದನ್ನು ಮಾಡಬೇಡಿ, ಮೂಸಿಯೂ ನೋಡಬೇಡಿ.

ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು 'ಸ್ಪೋರ್' ಅನ್ನುವ ಒಂದೇ ಪದದಲ್ಲಿ. ಬೂಷ್ಟಿನ ಸ್ಪೋರ್ ಸಂತಾನಕ್ಕೆ. ಒಂದು ತಲೆಯಿಂದ ಸಾವಿರಾರು ಹಾರುತ್ತವೆ. ಬ್ಯಾಸಿಲ್ಲಸ್ಸಿನಂಥ ಬ್ಯಾಕ್ಟೀರಿಯಾದ ಎಂಡೋಸ್ಪೋರ್ ಹಾಗಲ್ಲ. ಒಂದು ಕೋಶ ಒಂದೇ ಸ್ಪೋರ್ ಮಾಡುತ್ತದೆ, ಅದು ಮೊಳೆತರೆ ಮತ್ತೆ ಒಂದೇ ಕೋಶ. ಲೆಕ್ಕ ಬೆಳೆಯಲೇ ಇಲ್ಲ, ಅಲ್ವಾ? ಅದು ಕಷ್ಟಕಾಲ ಕಳೆಯುವ ದಾರಿ ಮಾತ್ರ. ಅನ್ನ ಕುದಿದರೂ ಬ್ಯಾಸಿಲ್ಲಸ್ ಸೀರಿಯಸ್‌ನ ಎಂಡೋಸ್ಪೋರ್ ಬದುಕಿರಬಹುದು. ಸಾಮಾನ್ಯ ಬೂಷ್ಟಿನ ಬೀಜಾಣು ಆ ಬಿಸಿಗೆ ಸಾಯುತ್ತದೆ. ಮಾರನೇ ದಿನ ಅನ್ನದ ಮೇಲೆ ಕಂಡ ಬೂಷ್ಟು ಆಮೇಲೆ ಗಾಳಿಯಿಂದ ಬಂದದ್ದು.

ಕೊನೆಗೆ ಕೋಶರಚನೆಯ ಈ ವ್ಯತ್ಯಾಸವನ್ನು ಪ್ಲೇಟಿನ ಮೇಲೆ ಹೇಗೆ ಬಳಸುತ್ತೇವೆ ನೋಡಿ. ಶೇಂಗಾ ಪುಡಿಯಲ್ಲಿ ಬೂಷ್ಟು ಹುಡುಕಬೇಕು. ಸುಮ್ನೆ ಹಾಕಿದರೆ ಮೊದಲೇ ಬ್ಯಾಕ್ಟೀರಿಯಾ ಇಡೀ ಪ್ಲೇಟ್ ಆಕ್ರಮಿಸುತ್ತದೆ. ಅದಕ್ಕೆ ಆಲೂಗಡ್ಡೆ ಡೆಕ್ಸ್‌ಟ್ರೋಸ್ ಅಗಾರಿಗೆ ಲೀಟರಿಗೆ 100 ಮಿಲಿಗ್ರಾಂ ಕ್ಲೋರಾಂಫೆನಿಕಾಲ್ ಸೇರಿಸಿ, 25 ಡಿಗ್ರಿಯಲ್ಲಿ ಐದು ದಿನ ಇಡುತ್ತೇವೆ. ಈ ಔಷಧ ಬ್ಯಾಕ್ಟೀರಿಯಾದ 70S ರೈಬೋಸೋಮಿಗೆ ಅಂಟಿ ಪ್ರೋಟೀನು ತಯಾರಿ ನಿಲ್ಲಿಸುತ್ತದೆ. ಈಸ್ಟ್, ಬೂಷ್ಟು ಎರಡೂ ಶಿಲೀಂಧ್ರ; ಅವುಗಳ ಕೋಶರಸದ ರೈಬೋಸೋಮು 80S, ಅದಕ್ಕೆ ಅಂಟುವುದಿಲ್ಲ. ಆದರೂ ಮೂರನೇ ದಿನ ಮಿರುಗುವ ಕೆನೆಬಣ್ಣದ ಚುಕ್ಕೆ ಕಂಡರೆ 'ಈಸ್ಟ್' ಅಂತ ಬರೆದುಬಿಡಬೇಡಿ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವೂ ಹಾಗೇ ಕಾಣುತ್ತದೆ. ಒಂದು ಹನಿ ನೀರಿನಲ್ಲಿ ಕದಡಿ, ಮೊಗ್ಗು ಇದೆಯಾ ನೋಡಿ.

ಇಲ್ಲೊಂದು ಉಪಕಥೆ ಇದೆ. ಈಸ್ಟಿನ ಮೈಟೋಕಾಂಡ್ರಿಯಾದ ರೈಬೋಸೋಮು ಬ್ಯಾಕ್ಟೀರಿಯಾದ್ದಕ್ಕೆ ಹತ್ತಿರದ್ದು. ಔಷಧದ ಪ್ರಮಾಣ ತುಂಬ ಏರಿಸಿದರೆ ಅಲ್ಲಿಯ ಕೆಲಸವೂ ನಿಲ್ಲುತ್ತದೆ. ಆಗಲೂ ಸಕ್ಕರೆ ಇದ್ದರೆ ಬ್ರೆಡ್ಡಿನ ಈಸ್ಟ್ ಹುದುಗಿಸುತ್ತಾ ಬೆಳೆಯುತ್ತದೆ. ಸಕ್ಕರೆ ತೆಗೆದು ಬರೀ ಗ್ಲಿಸರಾಲ್ ಕೊಟ್ಟರೆ, ಅದನ್ನು ಉಪಯೋಗಿಸಲು ಮೈಟೋಕಾಂಡ್ರಿಯಾ ಬೇಕೇ ಬೇಕು, ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ.