60 ರೂಪಾಯಿ ಊಟದ ಡಬ್ಬಿಯಲ್ಲಿ ಉಳಿಯೋದು ಎಷ್ಟು?

ಮನೆಯಲ್ಲಿ ಅಡುಗೆ ಮಾಡಿ ಊಟದ ಡಬ್ಬಿ ಕಳಿಸುವವರ ಲೆಕ್ಕ ನೋಡಿಕೊಡುವುದು ನನ್ನ ಕೆಲಸ. ಮೈಸೂರಿನ ಕುವೆಂಪುನಗರದ ಒಬ್ಬರು ದಿನಕ್ಕೆ 20 ಡಬ್ಬಿ ಮಧ್ಯಾಹ್ನದ ಊಟ ಕೊಡುತ್ತಾರೆ. ಎರಡು ಚಪಾತಿ, ಪಲ್ಯ, ಅನ್ನ, ಹುಳಿ, ಮಜ್ಜಿಗೆ. ಬೆಲೆ 60 ರೂಪಾಯಿ. "ಒಂದು ಊಟದ ಸಾಮಾನಿಗೆ 24 ಬೀಳುತ್ತೆ ಸರ್, ಪ್ಯಾಕಿಂಗಿಗೆ 9. ಉಳಿದದ್ದೆಲ್ಲ ನಂದೇ. ಆದರೆ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡೇ ಇರಲ್ಲ" ಅಂದರು.

ಒಂದು ದಿನ ಅವರ ಅಡುಗೆಮನೆಯಲ್ಲೇ ಕೂತು ತೂಕ ಹಾಕಿದೆವು. ಅಕ್ಕಿ 2 ಕಿಲೋ, 120 ರೂಪಾಯಿ. ಗೋಧಿ ಹಿಟ್ಟು 70, ತೊಗರಿಬೇಳೆ ಅರ್ಧ ಕಿಲೋ 70, ತರಕಾರಿ 125, ಎಣ್ಣೆ 45, ಮಜ್ಜಿಗೆಗೆ ಮೊಸರು 50. ಒಟ್ಟು 480, ಅಂದರೆ ಡಬ್ಬಿಗೆ 24. ಇಲ್ಲಿವರೆಗೆ ಅವರು ಹೇಳಿದ್ದು ಸರಿಯೇ. ಆದರೆ ತೆಂಗಿನಕಾಯಿ? ಹುಳಿಪುಡಿ, ಹುಣಸೆ, ಒಗ್ಗರಣೆ ಸಾಮಾನು, ಕೊತ್ತಂಬರಿ ಸೊಪ್ಪು? "ಅದೆಲ್ಲ ಮನೇಲಿ ಇರೋದೇ ಅಲ್ವಾ" ಅಂದರು. ಮನೇಲಿರೋದು ಸುಮ್ನೆ ಬಂದಿರಲ್ಲ. ಲೆಕ್ಕ ಹಾಕಿದರೆ ಅದೇ 100 ರೂಪಾಯಿ ಆಯಿತು, ಡಬ್ಬಿಗೆ 5. ಹಾಗಾಗಿ ಸಾಮಾನಿನ ಖರ್ಚು 29. ತರಕಾರಿಗೆ ಯಾವಾಗಲೂ ಸಂತೆಯಲ್ಲಿ ಕೊಂಡ ತೂಕವನ್ನೇ ಹಿಡಿಯಿರಿ, ಹೆಚ್ಚಿದ ಮೇಲಿನ ತೂಕವನ್ನಲ್ಲ. ನಾರು, ತೊಟ್ಟು, ಸಿಪ್ಪೆಗೂ ನೀವು ದುಡ್ಡು ಕೊಟ್ಟಿರುತ್ತೀರಿ.

ಗ್ಯಾಸ್ ಅನ್ನು ಹೆಚ್ಚಿನವರು ಅಂದಾಜಿಗೆ ಬಿಟ್ಟುಬಿಡುತ್ತಾರೆ. ಅಳೆಯೋದು ಕಷ್ಟವೇನಲ್ಲ. ವ್ಯಾಪಾರಕ್ಕೆ ಮನೆಬಳಕೆಯ 14.2 ಕಿಲೋ ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋದ್ದು ತಗೋಬೇಕು. ಸೋಮವಾರ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಸಿಲಿಂಡರನ್ನು ತಕ್ಕಡಿ ಮೇಲಿಟ್ಟು ತೂಕ ಬರೆದಿಡಿ, ಶನಿವಾರ ಅಡುಗೆ ಮುಗಿದ ಮೇಲೆ ಮತ್ತೆ ತೂಗಿ, ಕಡಿಮೆಯಾದ ತೂಕವನ್ನು ಆ ವಾರದ ಡಬ್ಬಿಗಳಿಗೆ ಹಂಚಿ. ಇವರಿಗೆ ದಿನಕ್ಕೆ ಸುಮಾರು 800 ಗ್ರಾಂ ಬಂತು. ಕಿಲೋಗೆ 100 ರೂಪಾಯಿ ಹಿಡಿದರೆ ಡಬ್ಬಿಗೆ 4.

ಪ್ಯಾಕಿಂಗ್ 9 ಅಲ್ಲ, 12. ಹುಳಿಯ ಪುಟ್ಟ ಡಬ್ಬಿ, ಚಮಚ, ಕವರ್, ಸೋರದಂತೆ ಸುತ್ತುವ ಟೇಪ್ ಯಾವುದೂ ಲೆಕ್ಕದಲ್ಲಿ ಇರಲಿಲ್ಲ.

29, 4, 12 ಸೇರಿ 45. ಅಂದರೆ 60ಕ್ಕೆ ಮಾರಿದರೆ 15 ಉಳಿಯುತ್ತೆ, ದಿನಕ್ಕೆ 300. ಅವರು ಅಂದುಕೊಂಡಿದ್ದು ಡಬ್ಬಿಗೆ 27. ಈ 15 ಕೂಡ ಲಾಭವಲ್ಲ. ಸಂತೆ, ಅಡುಗೆ, ಪಾತ್ರೆ ತೊಳೆಯೋದು ಎಲ್ಲ ಸೇರಿ ನಾಲ್ಕು ಗಂಟೆ ಕೆಲಸ. ಜ್ವರ ಬಂದ ದಿನ ಅಡುಗೆಯವರನ್ನು ಕರೆಸಿ 400 ಕೊಟ್ಟಿದ್ದರಂತೆ. ಆ ದಿನ 100 ರೂಪಾಯಿ ಕೈಯಿಂದ ಹೋಯಿತು! ಹಾಗಾಗಿ ನಿಮ್ಮ ಕೂಲಿಯನ್ನು ಮೊದಲು ಖರ್ಚಿನಲ್ಲೇ ಬರೆಯಿರಿ. ದಿನಕ್ಕೆ 400 ಅಂದರೆ ಡಬ್ಬಿಗೆ 20. ಈಗ ಅಸಲು 65.

ಲಾಭ ಬರೋದು ಇದರ ಮೇಲೆ. 20 ಪರ್ಸೆಂಟ್ ಬೇಕು ಅಂತ 65ಕ್ಕೆ 13 ಸೇರಿಸಿ 78 ಅನ್ನುತ್ತಾರೆ. ಆದರೆ 78ರಲ್ಲಿ 13 ಅಂದರೆ 17 ಪರ್ಸೆಂಟ್ ಕೂಡ ಆಗಲ್ಲ. ಮಾರುವ ಬೆಲೆಯಲ್ಲಿ 20 ಪರ್ಸೆಂಟ್ ಉಳಿಯಬೇಕಿದ್ದರೆ 65 ಅನ್ನು 0.80ರಿಂದ ಭಾಗಿಸಿ, 81 ಚಿಲ್ಲರೆ ಬರುತ್ತೆ. ಈ ವ್ಯತ್ಯಾಸ ಸಣ್ಣದು ಅನ್ನಿಸಬಹುದು, ಆದರೆ ಆ್ಯಪ್‌ಗಳ ಕಮಿಷನ್ ಕೂಡ ಮಾರುವ ಬೆಲೆಯ ಮೇಲೆಯೇ ಬೀಳೋದು. 80 ರೂಪಾಯಿಗೆ 25 ಪರ್ಸೆಂಟ್ ಕಮಿಷನ್ ಹೋದರೆ 20 ಹೋಯಿತು, ಉಳಿದದ್ದು 60, ಅಸಲಿಗೂ ಸಾಲದು. ಆ್ಯಪ್‌ನಲ್ಲಿ ಮಾರುವ ಬೆಲೆ ಬೇರೆಯೇ ಇರಬೇಕು.

ಲೆಕ್ಕ ತಪ್ಪಿದ್ದು ಗೊತ್ತಾಗೋದು ಹೇಗೆ? ತಿಂಗಳ ಸಾಮಾನಿನ ಬಿಲ್ಲನ್ನು ಡಬ್ಬಿಗಳ ಸಂಖ್ಯೆಯಿಂದ ಭಾಗಿಸಿ. 29ರ ಬದಲು 34 ಬಂದರೆ, ಒಂದೋ ಸೌಟು ದೊಡ್ಡದಾಗಿದೆ, ಇಲ್ಲ ಮನೆಯವರ ಊಟವೂ ಅದೇ ಡಬ್ಬದ ಅಕ್ಕಿಯಿಂದ ನಡೀತಿದೆ, ಇಲ್ಲ ರೇಟು ಏರಿದೆ. ನಾನು ನೋಡಿದಂತೆ ಎರಡನೆಯದೇ ಜಾಸ್ತಿ. ವ್ಯಾಪಾರದ ಅಕ್ಕಿ, ಬೇಳೆ, ಎಣ್ಣೆಗೆ ಬೇರೆ ಡಬ್ಬ ಇಡಿ.

ಅವರು ಬೆಲೆಯನ್ನು 80 ಮಾಡಿದರು. ಸ್ವಂತ ಸ್ಟೀಲ್ ಕ್ಯಾರಿಯರ್ ಕೊಡುವವರಿಗೆ 70, ಯಾಕೆಂದರೆ 12 ರೂಪಾಯಿ ಪ್ಯಾಕಿಂಗ್ ಹೋಗಿ ತೊಳೆಯುವ ಸೋಪು, ನೀರಿಗೆ 2 ಸಾಕಾಗುತ್ತೆ. ಮೂರು ಜನ ಬಿಟ್ಟರು. ಉಳಿದ 17ರಲ್ಲಿ 11 ಜನ ಕ್ಯಾರಿಯರ್ ತಂದುಕೊಟ್ಟರು. ಅಡುಗೆ 17 ಡಬ್ಬಿಗಾದರೂ ಒಲೆ ಮುಂದೆ ನಿಲ್ಲುವ ಹೊತ್ತು ಅಷ್ಟೇ, ಹಾಗಾಗಿ ಡಬ್ಬಿಗೆ 20 ಇದ್ದ ಕೂಲಿ ಈಗ 23.50 ಆಗಿದೆ. ಆ ಮೂರೂವರೆ ರೂಪಾಯಿ ಸದ್ಯಕ್ಕೆ ಲಾಭದಿಂದ ಹೋಗ್ತಿದೆ. ಇನ್ನು ಮೂರು ಜನ ಸಿಕ್ಕರೆ ಮತ್ತೆ 20ಕ್ಕೆ ಬರುತ್ತೆ.