‘ಡಯಲ್ ಸೈಜ್’ ಬಿಡಿ, ಕಿವಿಯಿಂದ ಕಿವಿಗೆ ಎಷ್ಟು ಅಂತ ಕೇಳಿ

ಹೋದ ವಾರ ಗೋಣಿಕೊಪ್ಪದ ಒಂದು ವಾಚ್ ಅಂಗಡಿಯಲ್ಲಿ ಸೆಲ್ ಹಾಕಿಸೋಕೆ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ. ಹಾಕಿ ಆಡುವವನಿರಬೇಕು, ಮಣಿಕಟ್ಟು ಒನಕೆಯ ಹಾಗಿತ್ತು. “ಅಣ್ಣಾ, ದೊಡ್ಡ ಡಯಲ್ ಇರೋದು ಕೊಡಿ, ಇದು ನನ್ನ ಕೈಗೆ ಮಕ್ಕಳ ವಾಚ್ ಥರ ಕಾಣ್ತದೆ” ಅಂದ. ಅಂಗಡಿಯವರು “ಇದು 42 ಡಯಲ್, ಇದು 44, ಇದು 46” ಅಂತ ಮೂರು ತೆಗೆದಿಟ್ಟರು. ಹುಡುಗ 46 ಕಟ್ಟಿಕೊಂಡು ಹೋದ. ಅದರ ತುದಿಗಳು ಅವನ ಕೈಯಿಂದ ಆಚೆ ಚಾಚಿಕೊಂಡಿದ್ದವು. ಆ ಮೂರು ಅಂಕಿಗಳಲ್ಲಿ ಒಂದೂ ಡಯಲ್‌ನ ಅಳತೆ ಅಲ್ಲ. ಈ ‘42 ಡಯಲ್’ ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇನ್ನು ಸುಮ್ನಿರೋಕೆ ಆಗಲ್ಲ, ಬರೆದೇ ಬಿಡುತ್ತೇನೆ.

ಡಯಲ್ ಅಂದರೆ ಗಾಜಿನ ಕೆಳಗೆ ಇರುವ ತಟ್ಟೆ. ಅಂಕಿ, ಗೆರೆ, ಕಂಪನಿ ಹೆಸರು ಬರೆದಿರುವುದು ಅದರ ಮೇಲೆ. ಈ ಪದ ಬಂದದ್ದು ಲ್ಯಾಟಿನ್‌ನಲ್ಲಿ ‘ಹಗಲು, ದಿನ’ ಅನ್ನುವ ಅರ್ಥದ ‘ಡಿಯೆಸ್’ ಪದದಿಂದ. ಮೊದಲು ಅದು ಬಿಸಿಲು ಗಡಿಯಾರಕ್ಕಿದ್ದ ಹೆಸರು. ನೆರಳು ಬಿದ್ದು ಹೊತ್ತು ತೋರಿಸುವ ಕಲ್ಲು ಅಥವಾ ಲೋಹದ ಹಾಸು. ಯಂತ್ರದ ಗಡಿಯಾರ ಬಂದ ಮೇಲೆ ಹೊತ್ತು ತೋರಿಸುವ ಮುಖಕ್ಕೆ ಅದೇ ಹೆಸರು ಉಳಿಯಿತು. ಅಂದರೆ ಮೊದಲಿನಿಂದಲೂ ಡಯಲ್ ಅಂದರೆ ಮುಖ, ದೇಹ ಅಲ್ಲ. ದೇಹಕ್ಕೆ ಕೇಸ್ ಅಂತ ಬೇರೆ ಹೆಸರಿದೆ. ಅಂಗಡಿಯಲ್ಲಿ ಹೇಳುವ 42, 44 ಎಲ್ಲ ಈ ಕೇಸ್‌ನ ಅಡ್ಡಳತೆ, ಅದೂ ಕೀ ಕೊಡುವ ಗುಂಡಿಯನ್ನು, ಅಂದರೆ ಕ್ರೌನ್ ಅನ್ನು, ಬಿಟ್ಟು ಅಳೆದದ್ದು.

ಹೆಸರಲ್ಲೇನಿದೆ, ಅರ್ಥ ಆದರೆ ಸಾಕು ಅನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಸೀಕೋ ಕಂಪನಿಯ ಎಸ್‌ಕೆಎಕ್ಸ್ 007 ಬಹಳ ಜನಕ್ಕೆ ಗೊತ್ತಿರುವ ಡೈವರ್ ವಾಚ್, ಅಂದರೆ ನೀರಿನಲ್ಲಿ ಮುಳುಗುವವರಿಗೆ ಅಂತ ಮಾಡಿದ್ದು. ಕೇಸ್ 42.5 ಮಿಲಿಮೀಟರ್. ಆದರೆ ಡಯಲ್ ಬರೀ 28.5. ಸುತ್ತಲೂ ತಿರುಗುವ ದಪ್ಪ ಬಳೆ, ಅಂದರೆ ಬೆಜಲ್, ಉಳಿದ ಜಾಗ ತಿಂದುಬಿಡುತ್ತದೆ. ಹಳೆಯ ಎಚ್‌ಎಂಟಿ ಜನತಾ ತಂದು ಪಕ್ಕಕ್ಕಿಡಿ. ಅದರ ಕೇಸ್ ಸುಮಾರು 35 ಅಷ್ಟೇ, ಆದರೆ ಅಂಚು ತೆಳು, ಹಾಗಾಗಿ ಅದರ ಮುಖ ಡೈವರ್‌ನ ಮುಖಕ್ಕಿಂತ ಚಿಕ್ಕದಲ್ಲ. ಈಗ ‘42 ಡಯಲ್’ ಅಂತ ನಂಬಿ ಡೈವರ್ ತಗೊಂಡ ದಪ್ಪ ಕೈಯವನಿಗೆ ಏನು ಕಾಣುತ್ತದೆ ಹೇಳಿ? ದೂರದಿಂದ ಕಣ್ಣಿಗೆ ಬೀಳುವುದು ಆ ಪುಟ್ಟ ಮುಖವೇ. ಬೆಜಲ್ ಕಪ್ಪಾಗಿದ್ದರಂತೂ ಇನ್ನೂ ಜಾಸ್ತಿ ಕುಗ್ಗಿದ ಹಾಗೆ ಕಾಣುತ್ತದೆ. ಅಂಕಿ ದೊಡ್ಡದು, ವಾಚ್ ಚಿಕ್ಕದು. ಇಷ್ಟೆಲ್ಲ ಆಗುವುದು ಒಂದು ಪದ ತಪ್ಪಾಗಿ ಬಳಸಿದ್ದಕ್ಕೆ.

ಕೇಸ್‌ನ ಅಡ್ಡಳತೆ ಸರಿಯಾಗಿ ಗೊತ್ತಾದರೂ ದಪ್ಪ ಕೈಗೆ ವಾಚ್ ಹೊಂದುತ್ತದಾ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಬೇಕಾದ ಪದ ‘ಲಗ್ ಟು ಲಗ್’. ಬೆಲ್ಟ್ ಸಿಕ್ಕಿಸೋಕೆ ಕೇಸ್‌ನಿಂದ ಮೇಲೆ ಎರಡು, ಕೆಳಗೆ ಎರಡು ಕೊಂಬು ಚಾಚಿರುತ್ತವಲ್ಲ, ಅವೇ ಲಗ್. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ಲಗ್ ಅಂದರೆ ಕಿವಿ. ಪಾತ್ರೆಯ ಪಕ್ಕದಲ್ಲಿ ಚಾಚಿಕೊಂಡ ಹಿಡಿಗೂ ಅದೇ ಪದ ಬಂತು. ನಮ್ಮಲ್ಲೂ ಬಾಣಲೆಯ ಕಿವಿ ಹಿಡಿದು ಇಳಿಸು ಅನ್ನುತ್ತೇವಲ್ವಾ, ಅದೇ ಲೆಕ್ಕ. ಹಾಗಾಗಿ ನಾನು ‘ಕಿವಿಯಿಂದ ಕಿವಿಗೆ’ ಅಂತಲೇ ಹೇಳುತ್ತೇನೆ. ಮೇಲಿನ ಕಿವಿಯ ತುದಿಯಿಂದ ಕೆಳಗಿನ ಕಿವಿಯ ತುದಿಯವರೆಗೆ ಎಷ್ಟು ಉದ್ದ ಅನ್ನುವುದು ಅದು. ವಾಚ್ ಕಟ್ಟಿದಾಗ ಮಣಿಕಟ್ಟಿಗೆ ಅಡ್ಡವಾಗಿ ಕೂರುವುದು ಈ ಉದ್ದವೇ. ಒಂದೇ ಬದಿಯ ಎರಡು ಕಿವಿಗಳ ನಡುವಿನ ಸಂದು, ಅಂದರೆ 20, 22 ಅಂತ ಬೆಲ್ಟಿಗೆ ಹೇಳುವ ಅಳತೆ, ಬೇರೆ. ಅದನ್ನು ಇದಕ್ಕೆ ಕಲಸಬೇಡಿ.

ಮೇಲೆ ಹೇಳಿದ ಸೀಕೋ 42.5 ಇದ್ದರೂ ಕಿವಿಯಿಂದ ಕಿವಿಗೆ ಸುಮಾರು 46 ಮಾತ್ರ. ಅದೇ 42ರ ಕೇಸ್ ಇರುವ ಬೇರೆ ವಾಚು 51 ಇರಬಹುದು. ಎರಡಕ್ಕೂ ಅಂಗಡಿಯಲ್ಲಿ ಒಂದೇ ಅಂಕಿ ಹೇಳುತ್ತಾರೆ, ಆದರೆ ಕೈ ಮೇಲೆ ಎರಡೂ ಬೇರೆ ಬೇರೆ ವಾಚು.

ಇನ್ನು ಕೈ. ಟೇಪ್ ಸುತ್ತಿ “ನಂದು ಎಂಟು ಇಂಚು” ಅಂದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಎಂಟು ಇಂಚಿನ ಮಣಿಕಟ್ಟು ಹಲಗೆಯ ಹಾಗೆ ಚಪ್ಪಟೆ ಇರಬಹುದು, ಬೊಂಬಿನ ಹಾಗೆ ದುಂಡಗೂ ಇರಬಹುದು. ಚಪ್ಪಟೆ ಕೈಯಲ್ಲಿ ವಾಚ್ ಕೂರೋಕೆ ಜಾಗ ಜಾಸ್ತಿ. ದುಂಡು ಕೈಯಲ್ಲಿ ಸುತ್ತಳತೆ ಅಷ್ಟೇ ಇದ್ದರೂ ಮೇಲಿನ ಸಮತಟ್ಟು ಜಾಗ ಕಡಿಮೆ. ಅದನ್ನು ನೋಡೋಕೆ ಒಂದು ಸ್ಟೀಲ್ ಸ್ಕೇಲ್ ಸಾಕು. ವಾಚ್ ಕಟ್ಟುವ ಜಾಗದಲ್ಲಿ ಅಡ್ಡಕ್ಕಿಡಿ. ಚರ್ಮ ಸ್ಕೇಲ್ ಬಿಟ್ಟು ಕೆಳಗಿಳಿಯುವುದು ಎಲ್ಲಿಂದ ಎಲ್ಲಿಗೆ ಅಂತ ನೋಡಿ. ಅದೇ ನಿಮ್ಮ ಸಮತಟ್ಟು ಅಗಲ. ಕಿವಿಯಿಂದ ಕಿವಿಗೆ ಇರುವ ಉದ್ದ ಅದನ್ನು ದಾಟಬಾರದು, ಅದಕ್ಕಿಂತ ತೀರ ಕಡಿಮೆಯೂ ಆಗಬಾರದು. ದಪ್ಪ ಕೈಯವರು ಸೋಲುವುದು ಹೆಚ್ಚಾಗಿ ಈ ಎರಡನೆಯದರಲ್ಲಿ. ಸೋತ ಮೇಲೆ ಸಿಟ್ಟಿನಿಂದ ಮೊದಲನೆಯದಕ್ಕೆ ಹಾರುತ್ತಾರೆ.

ನಮ್ಮ ಭಾವನ ಕತೆ ಹಾಗೇ ಆಯಿತು. ಸಿದ್ದಾಪುರದ ಹತ್ತಿರ ಅವರ ಕಾಫಿ ತೋಟ. ಸುತ್ತಳತೆ 8.25 ಇಂಚು, ಅಂದರೆ ಹತ್ತಿರ 210 ಮಿಲಿಮೀಟರ್. ಕೈ ದುಂಡು. ಪಕ್ಕದಿಂದ ಪಕ್ಕಕ್ಕೆ 72, ಅದರಲ್ಲಿ ಸಮತಟ್ಟು 58. ಮೊದಲು ತರಿಸಿದ್ದು ‘42 ಡಯಲ್’ನ ಡೈವರ್ ವಾಚ್. ಕಿವಿಯಿಂದ ಕಿವಿಗೆ 46, ಮುಖ 29, ಬೆಲ್ಟ್ 20. ಎರಡೂ ಬದಿಯಲ್ಲಿ 13 ಮಿಲಿಮೀಟರ್ ಬರೀ ಕೈ. ದಪ್ಪ ಕೈಗೆ ಅಷ್ಟು ತೆಳು ಬೆಲ್ಟ್, ಕೊಡಕ್ಕೆ ದಾರ ಕಟ್ಟಿದ ಹಾಗೆ. “ಇದು ನಿನ್ನ ಅಕ್ಕನ ವಾಚಾ?” ಅಂತ ಅವರೇ ಕೇಳಿದರು.

ಎರಡನೇ ಸಲ 48ರ ಕೇಸ್. ಕಿವಿಗಳು ನೇರ, ಬಾಗೇ ಇಲ್ಲ. ತುದಿಯಿಂದ ತುದಿಗೆ 60. ಸಮತಟ್ಟು ಜಾಗಕ್ಕಿಂತ ಎರಡೇ ಮಿಲಿಮೀಟರ್ ಜಾಸ್ತಿ, ಏನಾಗುತ್ತದೆ ಅಂದುಕೊಂಡರು. ಆದದ್ದು ಇಷ್ಟು: ಕಿವಿಗಳ ಕೆಳಗೆ ಬೆಳಕು ಕಾಣುವಷ್ಟು ಸಂದು, ಬೆಲ್ಟ್ ಅಲ್ಲಿಂದ ಗೋಡೆಯ ಹಾಗೆ ನೇರ ಕೆಳಕ್ಕೆ, ಕೈ ಆಡಿಸಿದರೆ ವಾಚ್ ತೂಗುತ್ತದೆ, ಗಿಡ ಬಗ್ಗಿಸುವಾಗ ಕ್ರೌನ್ ಅಂಗೈಯ ಹಿಂಬದಿಗೆ ಒತ್ತುತ್ತದೆ. ಅದು ತಪ್ಪಲಿ ಅಂತ ಬಿಗಿ ಮಾಡಿದರೆ ಸಂಜೆಗೆ ಕೈಯಲ್ಲಿ ಗುರುತು. ಸಂದು ಕಾಣುವುದೇ ಖಚಿತ ಲಕ್ಷಣ. ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆರಳುಗಳು ನಿಮ್ಮತ್ತ ಇರುವ ಹಾಗೆ ನೋಡಿದರೆ ತಟ್ಟನೆ ಗೊತ್ತಾಗುತ್ತದೆ.

ಮೂರನೆಯದಕ್ಕೆ ಮೊದಲು ನಾನು ರಟ್ಟು ಕತ್ತರಿಸಿ ಕೊಟ್ಟೆ. 50, 52, 54 ಉದ್ದದ ಮೂರು ತುಂಡು, ಮಧ್ಯದಲ್ಲಿ 44ರ ದುಂಡು. ಒಂದೊಂದಾಗಿ ಕೈ ಮೇಲೆ ಅಂಟಿಸಿ ಬಾಗಿಲ ಹತ್ತಿರದ ನಿಲುವುಗನ್ನಡಿಯಲ್ಲಿ, ಆರಡಿ ದೂರ ನಿಂತು ನೋಡಿದೆವು. ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ತೀರ್ಮಾನ ಮಾಡಬೇಡಿ. ಕ್ಯಾಮೆರಾಕ್ಕೆ ಹತ್ತಿರ ಇರುವ ವಾಚ್ ಕೈಗಿಂತ ದೊಡ್ಡದಾಗಿ ಬರುತ್ತದೆ, ಚಿಕ್ಕ ವಾಚೂ ಸರಿ ಇದೆ ಅನ್ನಿಸುತ್ತದೆ. ಬೇರೆಯವರು ನಿಮ್ಮ ಕೈ ನೋಡುವುದು ಕನ್ನಡಿಯ ದೂರದಿಂದ. ಕನ್ನಡಿಯಲ್ಲಿ 52 ಸರಿ ಕಂಡಿತು.

ಕೊನೆಗೆ ಸಿಕ್ಕಿದ್ದು 44ರ ಕೇಸ್, ಕಿವಿಯಿಂದ ಕಿವಿಗೆ 52, ಕಿವಿಗಳು ಕೆಳಕ್ಕೆ ಬಾಗಿವೆ. ಅಂಚು ತೆಳು, ಡಯಲ್ 37, ಬಣ್ಣ ಕೆನೆಬಿಳಿ. ಬಿಳಿ ಮುಖ ಕಪ್ಪಿಗಿಂತ ದೊಡ್ಡದಾಗಿ ಕಾಣುತ್ತದೆ. ಕೇಸ್‌ನಲ್ಲಿ ಮೊದಲನೆಯದಕ್ಕಿಂತ ಎರಡೇ ಮಿಲಿಮೀಟರ್ ಜಾಸ್ತಿ. ಮುಖದಲ್ಲಿ ಎಂಟು, ಉದ್ದದಲ್ಲಿ ಆರು. ವ್ಯತ್ಯಾಸ ಬಂದದ್ದು ಅಲ್ಲಿಂದ.

ಚೌಕದ ವಾಚೂ ಒಂದು ದಾರಿ, ಅಂಗಡಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. 36ರ ಚೌಕ ಮುಚ್ಚುವ ಜಾಗ 40ರ ದುಂಡು ಮುಚ್ಚುವುದಕ್ಕಿಂತ ಸ್ವಲ್ಪ ಜಾಸ್ತಿಯೇ, ಲೆಕ್ಕ ಹಾಕಿ ನೋಡಿ. ಅಂಕಿ ಚಿಕ್ಕದಿದೆ ಅಂತ ಪಕ್ಕಕ್ಕಿಡಬೇಡಿ. ಭಾವನಿಗೆ ಚೌಕ ಇಷ್ಟವಾಗಲಿಲ್ಲ, ಅದು ಬೇರೆ ಮಾತು.

ಬೆಲ್ಟಿನದೂ ಅರ್ಧ ಕೆಲಸ ಇದೆ. ಕೇಸ್‌ನ ಅಗಲದ ಅರ್ಧಕ್ಕಿಂತ ಬೆಲ್ಟ್ ಕಡಿಮೆ ಆದರೆ ದಪ್ಪ ಕೈಗೆ ಚೆನ್ನಾಗಿ ಕಾಣಲ್ಲ. 44ಕ್ಕೆ 22 ಇರಲೇಬೇಕು, ಬಕಲ್ ಕಡೆಗೆ ತುಂಬ ಸಪೂರ ಆಗದೆ ಇರಬೇಕು. ಉದ್ದವೂ ನೋಡಬೇಕು. ಸಾಮಾನ್ಯವಾಗಿ ಬರುವ ಚರ್ಮದ ಬೆಲ್ಟ್ 75 ಮತ್ತು 120ರ ಎರಡು ತುಂಡು. ಭಾವನ ಕೈಗೆ ಅದು ಕೊನೆಯ ತೂತಿಗೆ ಹೋಗಿ ನಿಲ್ಲುತ್ತಿತ್ತು, ತುದಿ ಎರಡನೇ ಲೂಪ್ ಮುಟ್ಟುತ್ತಲೇ ಇರಲಿಲ್ಲ. ಬಕಲ್ ಕೈಯ ಕೆಳಗೆ ಮಧ್ಯಕ್ಕೆ ಬಾರದೆ ಒಂದು ಬದಿಗೆ ಉಳಿಯಿತು, ವಾಚನ್ನೂ ಆ ಕಡೆಗೆ ಎಳೆಯಿತು. ವಾಚ್ ಓರೆ ಕೂರುತ್ತದೆ ಅನ್ನುವ ದೂರು ಎಷ್ಟೋ ಸಲ ಕೇಸ್‌ನದಲ್ಲ, ಗಿಡ್ಡ ಬೆಲ್ಟಿನದು. ಉದ್ದದ್ದು ಅಂತ ಕೇಳಿ, ಎರಡೂ ತುಂಡು ಸೇರಿ 215ರ ಆಸುಪಾಸು ಇರುವುದನ್ನು ಹಾಕಿಸಿದೆವು. ಚೈನ್ ಆದರೆ ಕೊಳ್ಳುವ ಮೊದಲೇ ಹೆಚ್ಚಿನ ಕೊಂಡಿ ಸಿಗುತ್ತದಾ ಅಂತ ಕೇಳಬೇಕು, ಆಮೇಲೆ ಹುಡುಕೋದು ಕಷ್ಟ. ಇಲ್ಲಿನ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಬರುತ್ತದೆ ಅನ್ನುವುದು ನಿಮಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರಿಗೆ ಭಾವ ರಬ್ಬರ್ ಬೆಲ್ಟ್ ಹಾಕುತ್ತಾರೆ, ಅದೂ ಉದ್ದದ್ದೇ.

ದಪ್ಪ, ಅಂದರೆ ಕೇಸ್‌ನ ಎತ್ತರ, ಎಷ್ಟಿರಬೇಕು ಅನ್ನುವುದನ್ನು ಕೈಗಿಂತ ತೋಳು ತೀರ್ಮಾನಿಸುತ್ತದೆ. ಮದುವೆಗೆ ಕುಪ್ಯ ಹಾಕಿದರೆ ಅದರ ಅರ್ಧ ತೋಳಿನ ಕೆಳಗೆ ಬಿಳಿ ತುಂಬುತೋಳಿನ ಶರ್ಟ್ ಇರುತ್ತದಲ್ಲ, ದಪ್ಪ ಮಣಿಕಟ್ಟಿಗೆ ಅದರ ಕಫ್ ಮೊದಲೇ ಬಿಗಿ. 48ರ ವಾಚು 15 ಮಿಲಿಮೀಟರ್ ಎತ್ತರ ಇತ್ತು, ಕಫ್ ಅದರ ಮೇಲೆ ಹತ್ತಿ ನಿಂತುಬಿಡುತ್ತಿತ್ತು. ಈಗಿನದು 11. ಅಕ್ಕ ಎಡಗೈ ಕಫ್‌ನ ಗುಂಡಿಯನ್ನು ಮಾತ್ರ ಅರ್ಧ ಇಂಚು ಸರಿಸಿ ಹೊಲಿದಳು, ವಾಚ್ ಒಳಗೆ ಹೋಗುತ್ತದೆ, ಬರುತ್ತದೆ.